ಐದು ಪುಟಕ್ಕೆ ಇಳಿದ ಸರ್

ನಮ್ಮ ಸರ್ ಅವರ ಸಿ.ವಿ. ನಲವತ್ತು ಪುಟ ದಾಟಿತ್ತು. ಬೆಳಗಾವಿಯ ವೈದ್ಯಕೀಯ ಕಾಲೇಜೊಂದರಲ್ಲಿ ಅವರು ವಿಭಾಗದ ಮುಖ್ಯಸ್ಥರು. ನಾನು ಅವರ ಕೈಕೆಳಗೆ ಗುತ್ತಿಗೆಯ ಮೇಲಿದ್ದ ಸಂಶೋಧಕಿ. ಮಾಡಿದ ಭಾಷಣ, ಹೊದಿಸಿಕೊಂಡ ಶಾಲು, ದೀಪ ಹಚ್ಚಿದ ಕಾರ್ಯಾಗಾರ, ಒಂದನ್ನೂ ಅವರು ಬಿಟ್ಟಿರಲಿಲ್ಲ. ನಾವು ಸಂಶೋಧನೆಯ ಹಣಕ್ಕೆ ಅರ್ಜಿ ಹಾಕುತ್ತಿದ್ದ ವಿದೇಶಿ ಸಂಸ್ಥೆ ಮಾತ್ರ ಅದೆಲ್ಲ ಬೇಡ ಎಂದಿತ್ತು. ಐದು ಪುಟ ಮೀರಬಾರದು, ಪಟ್ಟಿ ಕೂಡದು, ಕಥನ ಬೇಕು. ನಾಲ್ಕೈದು ಮುಖ್ಯ ಕೊಡುಗೆ ಆರಿಸಿಕೊಂಡು, ಪ್ರಶ್ನೆ ಏನಿತ್ತು, ಏನು ಸಿಕ್ಕಿತು, ಅದರಿಂದ ಯಾರಿಗೆ ಏನಾಯಿತು, ಅದರಲ್ಲಿ ನಿಮ್ಮ ಸ್ವಂತ ಪಾತ್ರವೇನು ಎಂಬುದನ್ನು ‘ನಾನು’ ಎಂದೇ ಬರೆಯಬೇಕು. ಒಂದೊಂದಕ್ಕೂ ಆಧಾರವಾಗಿ ನಾಲ್ಕು ಲೇಖನಕ್ಕಿಂತ ಹೆಚ್ಚು ಹಾಕುವಂತಿಲ್ಲ.

ಬರೆಯುವವಳು ನಾನೇ, ಇನ್ಯಾರು? ಸಹಸಂಶೋಧಕಿಯಾಗಿ ಆ ಅರ್ಜಿಯಲ್ಲಿ ನನ್ನ ಹೆಸರೂ ಇತ್ತು. ನನ್ನದೂ ಇಂಥದೇ ಒಂದು ಕಥನ ಹೋಗಬೇಕಿತ್ತು. ಒಪ್ಪಿಗೆಯಾದರೆ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ತೂಕ ನೋಡುವ ಖಾನಾಪುರದ ಕೇಂದ್ರ ನನ್ನ ಜವಾಬ್ದಾರಿಗೆ. ಗುತ್ತಿಗೆ ಮುಂದುವರಿಸಿ ಎಂದು ವರ್ಷವರ್ಷವೂ ಕೈಮುಗಿಯುವುದು ತಪ್ಪುತ್ತಿತ್ತು.

ಪಟ್ಟಿ ಅಳಿಸುವುದೇನು ಕಷ್ಟ? ಶಾಲು, ಭಾಷಣ, ಸಮ್ಮೇಳನ ಎಲ್ಲ ಹೋದವು. ‘ನಿಮ್ಮ ಪಾತ್ರವೇನು’ ಎನ್ನುವಲ್ಲಿ ಗಾಡಿ ನಿಂತಿತು. ಅಷ್ಟೂ ಲೇಖನಗಳಲ್ಲಿ ಹೆಸರಿದೆ, ಮಾಡಿದ್ದೇನು ಎಂಬುದಕ್ಕೆ ಒಂದು ವಾಕ್ಯ ಹುಟ್ಟಲೊಲ್ಲದು. ಲ್ಯಾಪ್‌ಟಾಪ್ ಹಿಡಿದು ಅವರ ಕೋಣೆಗೇ ಹೋದೆ.

“ಸರ್, ಒಂದೊಂದರಾಗ ನೀವು ಏನ್ ಮಾಡಿದ್ರಿ ಹೇಳ್ರಿ, ಬರಕೋತೀನಿ.”

“ಮದಲ ಪಾರಿಶ್ವಾಡ ಹಳ್ಳೀದು ಬರಿಯವಾ,” ಎಂದು ಕಣ್ಣು ಮುಚ್ಚಿಕೊಂಡರು. “ಕೂಸು ಹುಟ್ಟಿದ ದಿನಾನ ತೂಗಬೇಕಿತ್ತು. ಕೂಸಿನ ಆಯಿ ಬಾಗಲದಾಗ ಅಡ್ಡ ನಿಂತಳು. ತೂಗಿದ್ರ ದೃಷ್ಟಿ ಆಗತೈತಿ, ಮುಟ್ಟಬ್ಯಾಡ್ರಿ ಅಂದಳು. ನಾ ಅಂದೆ, ಆಯಿ, ನಿನ್ನ ಹಳಿ ಸೀರಿ ಕೊಡು. ಅದರಾಗ ಕೂಸು ಕಟ್ಟೂಣು, ತಕ್ಕಡಿ ನೀನ ಹಿಡಿ. ನಿನ್ನ ಕೈಯಾಗಿದ್ದ ಕೂಸಿಗೆ ಯಾರ ದೃಷ್ಟಿ ತಾಗತೈತಿ?” ಎಂದವರು ಕಣ್ಣಂಚು ಒರೆಸಿಕೊಂಡರು.

ಟೈಪ್ ಮಾಡುತ್ತಿದ್ದವಳು ನಿಲ್ಲಿಸಿದೆ. ಆ ಬಾಗಿಲಲ್ಲಿ ಆ ಅಜ್ಜಿಯ ಎದುರು ನಿಂತವಳು ನಾನು. ಸೀರೆ ಕೇಳಿದವಳು ನಾನು. ಬರೀ ಸೀರೆ ತೂಗುಹಾಕಿ ತಕ್ಕಡಿಯನ್ನು ಸೊನ್ನೆಗೆ ತಂದು, ಆಮೇಲೆ ಕೂಸನ್ನು ಕಟ್ಟಬೇಕೆಂದು ಊರೂರು ತಿರುಗಿ ಕಲಿಸಿದವಳೂ ನಾನೇ. ಆ ವಾರ ಸರ್ ದಿಲ್ಲಿಯ ಸಮ್ಮೇಳನದಲ್ಲಿದ್ದರು. ಅವರ ಹಳೆಯ ಸಿ.ವಿ.ಯಲ್ಲೇ ಹಾಗಂತ ಇತ್ತು. ನಿಯಮದ ಪ್ರಕಾರ ಆಗಷ್ಟೇ ಅದನ್ನು ಅಳಿಸಿದ್ದೆ. ಸುಳ್ಳು ಹೇಳುವವರ ಮುಖ ನನಗೆ ಗೊತ್ತು, ಇದು ಅದಲ್ಲ. ನನ್ನಿಂದ ಕೇಳಿದ್ದನ್ನು ಕಂಡ ಕಂಡ ವೇದಿಕೆಯಲ್ಲಿ ಹೇಳಿ ಹೇಳಿ, ಪುಣ್ಯಾತ್ಮ ತಾನೇ ಅಲ್ಲಿದ್ದೆನೆಂದು ನಂಬಿಬಿಟ್ಟಿದ್ದ!

“ಸರ್, ಅವತ್ತ ಆಯಿ ಮುಂದ ನಿಂತಾಕಿ ನಾನ್ರಿ. ನೀವು ದಿಲ್ಲಿಗೆ ಹೋಗಿದ್ರಿ.”

ಸರ್ ನಕ್ಕರು. ಸಿಟ್ಟು ಮಾಡಿದ್ದರೆ ಎಷ್ಟೋ ಚಲೋ ಇತ್ತು. “ನೀನೂ ಇದ್ದಿ, ಯಾರ ಇಲ್ಲಂದ್ರು? ಆದ್ರ ನಾ ಇರಲಿಲ್ಲಂದ್ರ ಪೇಪರಿನಾಗ ನನ್ನ ಹೆಸರು ಮದಲ ಯಾಕ ಬಂತವಾ?”

“ಅದನ್ನ ನನ್ನದರಾಗ ಬರೀಬೇಕಂತ ಮಾಡೀನ್ರಿ. ಒಂದ ಅರ್ಜಿಯೊಳಗ ಇಬ್ರೂ ‘ನಾನ ಕಂಡಹಿಡದೆ’ ಅಂದ್ರ ಅವರು ನಗತಾರ.”

ಸರ್ ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡು ನೋಡಿದರು. “ಹಂಗಾರ ನನ್ನದರಾಗ ಏನ್ ಉಳಿತೈತಿ?” ಎಂದು ಕೇಳಿದರು. ಖರೇನೇ ಕೇಳುತ್ತಿದ್ದರು.

ಏನೂ ಉಳಿಯುತ್ತಿರಲಿಲ್ಲ. ಮುಖ್ಯ ಸಂಶೋಧಕರ ಕಥನವೇ ಖಾಲಿ ಹೋದರೆ ಅರ್ಜಿ ಬಿತ್ತು, ಖಾನಾಪುರದ ನರ್ಸುಗಳ ಪಗಾರವೂ ಬಿತ್ತು. ಹಾಳಾಗಿ ಹೋಗಲಿ ಎಂದು ರಾಮತೀರ್ಥ ನಗರದ ನನ್ನ ಮನೆಯಲ್ಲಿ ಕೂತು ಬರೆದೆ. ಅವರ ‘ನಾನು’ ಪಾರಿಶ್ವಾಡದ ಬಾಗಿಲಲ್ಲಿ ನಿಂತು ಸೀರೆ ಕೇಳಿತು. ಓದಿದರೆ ನನಗೇ ಅಳು ಬರುವಷ್ಟು ಚೆನ್ನಾಗಿ ಬರೆದೆ. ನನ್ನದರಲ್ಲಿ, ‘ಅವರ ವಿಧಾನವನ್ನು ಅವರ ಮಾರ್ಗದರ್ಶನದಲ್ಲಿ ಜಾರಿಗೆ ತಂದೆ’ ಎಂದು ಹಾಕಿದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಎರಡನ್ನೂ ಹಾಗೆಯೇ ಕಳಿಸಿದೆ.

ಹಣ ಮಂಜೂರಾಯಿತು. ಪರಿಶೀಲಕರು ಸೀರೆಯ ವಿಧಾನವನ್ನು ಬಾಯ್ತುಂಬ ಹೊಗಳಿದ್ದರು. ನನ್ನ ಬಗ್ಗೆ ಒಂದೇ ಸಾಲು: ಸ್ವತಂತ್ರ ಚಿಂತನೆಗೆ ಪುರಾವೆಯಿಲ್ಲ, ಈ ಹುದ್ದೆಗೆ ಇವರೇ ಬೇಕೇ ಎಂದು ಯೋಚಿಸಿ. “ಏನ್ ಮಾಡೂದವಾ, ಅವರೇ ಹಂಗ ಅಂದಾರ,” ಎಂದರು ಸರ್. ಅವರಿಗೆ ಬೇಸರವಾಗಿದ್ದೂ ನಿಜ.

ಗುತ್ತಿಗೆ ಮುಗಿದ ಮೇಲೆ ತಕ್ಕಡಿಗಳನ್ನು ಒಪ್ಪಿಸಲು ಖಾನಾಪುರದ ಕೇಂದ್ರಕ್ಕೆ ಹೋದೆ. ನನ್ನ ಜಾಗಕ್ಕೆ ಬಂದವಳಿಗೆ ಬೆಳಗಾವಿಯಲ್ಲಿ ಸರ್ ಅವರೇ ತರಬೇತಿ ಕೊಟ್ಟಿದ್ದರು. ನನ್ನನ್ನು ಕಾಲೇಜಿನ ಸ್ಟೋರಿನವಳೆಂದು ತಿಳಿದು, ಬಾಯಿತುಂಬ ಮಾತಾಡಿದಳು.

“ಸೀರಿಯೊಳಗ ಕೂಸು ತೂಗೂದು ನೋಡೀರೇನ್ರಿ ಮೇಡಂ? ನಮ್ಮ ಸರ್ ಕಂಡಹಿಡದದ್ದು. ಬರ್ರಿ, ಕುಂದರ್ರಿ, ತೋರಸ್ತೀನಿ.”

ಪಾಪ, ಅವಳದೇನು ತಪ್ಪು? ನಾನು ಕುಳಿತೆ. ಅವಳು ಮೊದಲಿನಿಂದ ಹೇಳಿಕೊಟ್ಟಳು, ನಾನು ಹೂಂ ಹೂಂ ಎನ್ನುತ್ತ ಕೊನೆಯತನಕ ಕಲಿತೆ.