ಅತ್ತೆಯ ಎದುರು ಓದಿದ ನಾಲ್ಕು ಸಾಲು

ಪುಸ್ತಕ ಬಿಡುಗಡೆಯ ಸಭೆಗಳಲ್ಲಿ ಲೇಖಕರ ಪರಿಚಯವೆಂದರೆ ನನಗೆ ಮೈ ಉರಿಯುತ್ತಿತ್ತು. ಹುಟ್ಟಿದ ಊರು, ಓದಿದ ಸಾಲೆ, ಹೊದ್ದ ಶಾಲುಗಳು. ಪುಸ್ತಕದ ಒಂದು ಸಾಲೂ ಇರುತ್ತಿರಲಿಲ್ಲ. ಇದ್ದರೆ ಇಡೀ ಕತೆಯನ್ನು ಕೊನೆಯವರೆಗೂ ಹೇಳಿಬಿಡುವರು. ಆಮೇಲೆ ಪುಸ್ತಕ ಓದುವವರಾದರೂ ಯಾರು?

ತೊಂಬತ್ತರ ದಶಕದ ಕೊನೆಯಲ್ಲಿ ಗೋಕಾಕದ ನಮ್ಮ ಕಾಲೇಜಿನಲ್ಲಿ ಒಂದು ಸಂಜೆ ಆ ಕೆಲಸ ನನ್ನ ಪಾಲಿಗೆ ಬಂತು. ಲೇಖಕಿ ಹುಕ್ಕೇರಿಯ ಸಾಲೆಯ ಟೀಚರು, ಮೊದಲ ಪುಸ್ತಕ, ಮನೆಯ ನೆನಪುಗಳು. ಪ್ರಶಸ್ತಿಯಿಲ್ಲ, ಏನು ಹೇಳುತ್ತೀರಿ ಎಂದು ಸಂಘಟಕರು ಚಿಂತೆಗೆ ಬಿದ್ದಿದ್ದರು. ನಾನು ಪುಸ್ತಕದ ನಾಲ್ಕು ಸಾಲು ಆರಿಸಿ, ಆಕೆಯ ಒಪ್ಪಿಗೆ ಪಡೆದು, ನನ್ನ ಮಾತನ್ನೆಲ್ಲ ಅದರ ಸುತ್ತಲೇ ಹೆಣೆದುಕೊಂಡಿದ್ದೆ.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಆಕೆ ಬಾಡಿದ ಮುಖ ಹೊತ್ತು ಬಂದಳು.

"ಅಕ್ಕಾರ, ಅದನ್ನ ಓದಬ್ಯಾಡ್ರಿ. ನಮ್ಮತ್ತಿ ಬಂದಾರ."

ಆ ಸಾಲುಗಳಲ್ಲಿದ್ದದ್ದು ಅತ್ತೆಯೇ. ಮುದುಕಿಗೆ ಓದು ಬಾರದು. ತಾನು ಪುಸ್ತಕದಲ್ಲಿ ಇರುವುದೇ ಗೊತ್ತಿಲ್ಲ. ಊರ ಮುಂದೆ ಮಾನ ಹೋಯಿತೆಂದುಕೊಂಡರೆ ಇನ್ನು ಮನೆಯಲ್ಲಿ ಪೆನ್ನು ಮುಟ್ಟುವಂತಿಲ್ಲ ಎಂಬ ಭಯ ಆಕೆಗೆ. ಬೇಡವೆಂದರೆ ಬಿಡುತ್ತೇನೆ, ಆದರೆ ಕೊನೆಯ ಸಾಲನ್ನು ನೀನೇ ಓದು, ಅದನ್ನು ಕೇಳಿದರೆ ಅತ್ತೆ ಸಿಟ್ಟಾಗಲಾರರು ಎಂದೆ. ಆಕೆ ಹೂಂ ಎಂದಳು.

ಅತ್ತೆ ಮೊದಲ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ಈಕೆ ಮಾತಿಗಿಂತ ಸದ್ದನ್ನು ಹೆಚ್ಚು ಕೇಳಿಸಿಕೊಳ್ಳುವ ಲೇಖಕಿ ಎಂದು ಹೇಳಿ, ಗುರುತು ಮಾಡಿದ ಪುಟ ತೆರೆದೆ.

"ನಮ್ಮತ್ತೆ ರೊಟ್ಟಿ ಬಡಿಯುವ ಸದ್ದಿನಿಂದಲೇ ಅವರ ಸಿಟ್ಟು ಮನೆಗೆಲ್ಲ ತಿಳಿಯುತ್ತಿತ್ತು. ಸಿಟ್ಟು ಹೆಚ್ಚಿದಷ್ಟೂ ರೊಟ್ಟಿ ತೆಳ್ಳಗಾಗುತ್ತಿತ್ತು. ನಾನು ಮೊದಲ ಸಲ ಬರೆಯಲು ಕೂತ ದಿನದ ರೊಟ್ಟಿಯ ಆಚೆಗೆ ದೀಪ ಕಾಣುತ್ತಿತ್ತು."

ಸಭೆ ನಕ್ಕಿತು. ಅತ್ತೆ ನಗಲಿಲ್ಲ. ಮುಂದಿನ ಸಾಲು ಬರೆದವರೇ ಓದಲಿ ಎಂದು ಪುಸ್ತಕವನ್ನು ಆಕೆಯ ಕೈಗಿತ್ತೆ. ಆಕೆ ಓದಿದಳು.

"ಮರುದಿನ ನಾನು ಏಳುವಷ್ಟರಲ್ಲಿ ನನ್ನ ಪಾಲಿನ ಹಿಟ್ಟನ್ನೂ ಅತ್ತೆಯೇ ನಾದಿಟ್ಟಿದ್ದರು; ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ."

ಮುದುಕಿ ಕುರ್ಚಿಯ ತೋಳು ಹಿಡಿದು ಎದ್ದು ನಿಂತರು. ಸೊಸೆ ಪುಸ್ತಕ ಮುಚ್ಚಿದಳು.

"ಬರದದ್ದು ಖರೆ ಐತಿ," ಎಂದರು ಅತ್ತೆ. ಆಮೇಲೆ ಸೊಸೆಯನ್ನೇ ನೋಡುತ್ತ, "ನೀ ಬರೀಲಿ ಅಂತ ನಾದಿದ್ನವಾ," ಎಂದರು.

ಅಂಥ ಚಪ್ಪಾಳೆಯನ್ನು ಆ ಸಭಾಂಗಣದಲ್ಲಿ ನಾನು ಮತ್ತೆ ಕೇಳಿಲ್ಲ. ತಂದ ಪುಸ್ತಕಗಳು ಚಹಾ ಬರುವ ಮೊದಲೇ ಖಾಲಿಯಾದವು. ಹುಕ್ಕೇರಿ ಬಸ್ಸಿನ ಹೊತ್ತಾಗಿ ಹೊರಡುವಾಗ ಅತ್ತೆ ಒಂದು ಪ್ರತಿಯನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಓದಲು ಬಾರದಲ್ಲ ಎಂದು ಯಾರೋ ಚೇಷ್ಟೆ ಮಾಡಿದರು.

"ನಂದ ಐತಲ್ರಿ ಇದರಾಗ," ಎಂದು ಮುದುಕಿ ಬಸ್ಸು ಹತ್ತಿದರು.