ಇಪ್ಪತ್ತನೆಯ ನೇಮಕಾತಿ ಪತ್ರ

ಬಕೊಲೋದ್ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ರೊಸೆಂಡಾ ಎಂಟು ವರ್ಷದಿಂದ ಜೂನಿಯರ್ ಅಕೌಂಟೆಂಟ್. ಪ್ರೊಬೇಷನ್ನಿನ ಆರು ತಿಂಗಳು ದಾಟಿದರೆ ಅಲ್ಲಿನ ಕಾನೂನಿನಂತೆ ಕೆಲಸ ಕಾಯಂ. ಅದಕ್ಕೇ ಆ ಪುಣ್ಯಾತ್ಮ ಮಾಲೀಕ ಐದನೇ ತಿಂಗಳಿಗೆ ಅವಳನ್ನು ಬಿಡಿಸಿ, ತನ್ನದೇ ಇನ್ನೊಂದು ಕಂಪನಿಯ ಹೆಸರಿನಲ್ಲಿ ಮತ್ತೆ ಸೇರಿಸಿಕೊಳ್ಳುತ್ತಿದ್ದ. ಅದೇ ಕುರ್ಚಿ, ಅದೇ ಫ್ಯಾನು. ಪ್ರತಿ ಸಲವೂ ನೇಮಕಾತಿ ಪತ್ರ ಟೈಪ್ ಮಾಡುವವಳೂ ಅವಳೇ: ಹುದ್ದೆ, ಮೂಲವೇತನ, ಅಕ್ಕಿಭತ್ಯೆ, ವರ್ಷದ ಕೊನೆಗೆ ಹೆಚ್ಚುವರಿಯಾಗಿ ಹದಿಮೂರನೇ ತಿಂಗಳ ಸಂಬಳ, ಆರು ತಿಂಗಳ ಪ್ರೊಬೇಷನ್, ತಾನಾಗಿ ಕೆಲಸ ಬಿಡುವವರು ಮೂವತ್ತು ದಿನ ಮೊದಲೇ ತಿಳಿಸತಕ್ಕದ್ದು.

ಇಪ್ಪತ್ತನೆಯ ಪತ್ರಕ್ಕೆ ಕೂತಾಗ ಮಾಲೀಕ ಬಂದ. ಅವನು ಅವಳನ್ನು ಕರೆಯುವುದು 'ಇಂದಾಯ್', ಅಂದರೆ 'ಹುಡುಗಿ' ಎಂದೇ.

"ಇಂದಾಯ್, ಸೋಮವಾರದ ತಾರೀಖು ಹಾಕು."

"ಹಾಕಿದೀನಿ ಸರ್. ಈ ಸಲನಾದ್ರೂ ಆ 'ಜೂನಿಯರ್' ತೆಗೀಲಾ? ನಂಗೆ ನಲವತ್ತೊಂದಾಯ್ತು."

ಅವನು ನಕ್ಕ. "ಅದಿರ್ಲಿ ಬಿಡು. ಹೆಸರಿನ ಜಾಗ ಮಾತ್ರ ಖಾಲಿ ಬಿಡು. ಹೊಸ ಹುಡುಗಿ ಹೆಸರು ಆಮೇಲೆ ಹೇಳ್ತೀನಿ."

ರೊಸೆಂಡಾ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಆಮೇಲೆ ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಬಿಡಿಸುವ ಮುನ್ನ ಕಂಪನಿ ಎಷ್ಟು ದಿನ ಮೊದಲು ಹೇಳಬೇಕೆಂಬ ಸಾಲು ಅದರಲ್ಲಿ ಇರಲೇ ಇಲ್ಲ. ಹತ್ತೊಂಬತ್ತು ಸಲ ಟೈಪ್ ಮಾಡಿದವಳು ಅವಳೇ.