ಮುಚ್ಚಬಾರದ ಸಂದು

ಟೈಲ್ಸ್ ಮೇಸ್ತ್ರಿಗೆ ಸಂದು ಕಂಡರಾಗದು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನೆಲ ನೋಡುತ್ತಾನೆ. ಬಿಲ್ಲೆಗಳ ನಡುವೆ ಬಿರುಕು ಕಂಡರೆ ಅವನಿಗೆ ತುತ್ತು ಇಳಿಯುವುದಿಲ್ಲ. ಏಳನೇ ಕ್ಲಾಸಿನಲ್ಲಿ ಗಣಿತ ಕೈಕೊಟ್ಟಾಗ ಶಾಲೆಗೊಂದು ದೊಡ್ಡ ನಮಸ್ಕಾರ ಹಾಕಿ ಕರಣೆ ಹಿಡಿದವನು, ಇಪ್ಪತ್ತೆರಡು ವರ್ಷದಲ್ಲಿ ಯಾರಿಂದಲೂ ಬೊಟ್ಟು ಮಾಡಿಸಿಕೊಂಡಿಲ್ಲ.

ಈಗ ಮಗಳು ಏಳನೇ ಕ್ಲಾಸು. ಗಣಿತದ ಟೀಚರ್ ಪ್ರಾಜೆಕ್ಟಿಗೆ ವಿಷಯಗಳ ಪಟ್ಟಿ ಕೊಟ್ಟಿದ್ದರು: ಕಿಟಕಿ ಸರಳುಗಳ ಸಮಮಿತಿ, ಡಬ್ಬಿ ಮುಚ್ಚಳಗಳ ಸುತ್ತಳತೆ, ಹಳೇ ನೆಲಗಳ ವಿನ್ಯಾಸ. ಮೇಸ್ತ್ರಿಯ ಮಗಳು ಇನ್ನೇನು ಆರಿಸಿಯಾಳು? ಎಲ್ಲ ಬದಿ, ಎಲ್ಲ ಕೋನ ಸಮ ಇರುವ ಒಂದೇ ಬಗೆಯ ಬಿಲ್ಲೆಗಳಲ್ಲಿ ಯಾವುದು ನೆಲವನ್ನು ಪೂರ್ತಿ ತುಂಬುತ್ತದೆ ಎಂಬುದು ಅವಳ ಪ್ರಶ್ನೆ. ಚೆನ್ನಾಗಿರುವ ಒಂದೇ ಒಂದು ಪ್ರಾಜೆಕ್ಟು ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ. ಅದು ತನ್ನದೇ ಆಗಬೇಕೆಂದು ಅವಳು ಹಟ ತೊಟ್ಟಿದ್ದಳು.

ಅಪ್ಪ ಚೂರು ಟೈಲ್ಸಿನಲ್ಲಿ ಬಿಲ್ಲೆ ಕತ್ತರಿಸಿಕೊಟ್ಟ, ಮಗಳು ಹಲಗೆಗೆ ಅಂಟಿಸಿದಳು. ಒಂದು ಬಿಂದುವಿನ ಸುತ್ತ ಆರು ತ್ರಿಕೋನ, ಇನ್ನೊಂದರ ಸುತ್ತ ನಾಲ್ಕು ಚೌಕ, ಮತ್ತೊಂದರ ಸುತ್ತ ಮೂರು ಷಡ್ಭುಜ. ಕೊನೆಯದರ ಸುತ್ತ ಮೂರು ಪಂಚಭುಜ.

ಪ್ರಾಜೆಕ್ಟ್ ಒಪ್ಪಿಸುವ ದಿನ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ ಮೇಸ್ತ್ರಿ ಹಲಗೆಯತ್ತ ನೋಡಿದ. ಪಂಚಭುಜಗಳ ನಡುವೆ ಬಾಯಿ ಬಿಟ್ಟುಕೊಂಡ ಸಂದು! ಕೂಸಿಗೆ ಗೊತ್ತಾಗಿಲ್ಲ ಪಾಪ ಅಂದುಕೊಂಡು, ಒಂದು ಚೂಪು ಚೂರು ಕತ್ತರಿಸಿ ಕೂರಿಸಿ, ಮೇಲೆ ಬಿಳಿ ಸಿಮೆಂಟ್ ಸವರಿ, ಒರೆಸಿ, ಬಟ್ಟೆ ಹೊದಿಸಿಟ್ಟ. ಹಲಗೆ ಭಾರವೆಂದು ಶಾಲೆಗೂ ತಾನೇ ಹೊತ್ತು ತಂದ.

ಟೀಚರ್ ಬಟ್ಟೆ ಸರಿಸಿದರು. "ಪಂಚಭುಜ ಕೂರಲ್ಲ ಅಂತ ವರದಿಯಲ್ಲಿ ಬರೆದಿದೀಯ. ಇಲ್ಲಿ ಕೂತಿದೆಯಲ್ಲ?"

ಮಗಳು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಪ್ಪಾ... ಆ ಸಂದೇ ನನ್ನ ಉತ್ತರ ಆಗಿತ್ತು."

ಮೇಸ್ತ್ರಿಗೆ ನಿಂತ ನೆಲವೇ ಕುಸಿದಂತಾಯಿತು. ತನ್ನ ಗಣಿತ ಕೆಟ್ಟಿದ್ದು ಸಾಲದೆಂದು ಮಗಳದ್ದನ್ನೂ ಕೆಡಿಸಿದೆನಲ್ಲ! ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತಿತ್ತು. ಸುಮ್ಮನಿರಲಿಲ್ಲ.

"ತಪ್ಪು ನಂದು ಮೇಡಂ. ಅವಳು ಸರಿಯಾಗೇ ಬಿಟ್ಟಿದ್ಲು, ನಾನೇ ಮುಚ್ಚಿದೆ."

ಜೇಬಿನಲ್ಲಿದ್ದ ತಗಡಿನ ಪಟ್ಟಿಯಿಂದ ಮೀಟಿ, ಸಿಮೆಂಟ್ ಇನ್ನೂ ಹಸಿಯಿದ್ದ ಆ ಚೂರನ್ನು ಎಬ್ಬಿಸಿ ಮಗಳ ಅಂಗೈಗಿಟ್ಟ. ಅವಳು ಕೋನಮಾಪಕ ತೆಗೆದು ಆ ಚೂಪು ತುದಿಯನ್ನು ಅಳೆದಳು. ಮೂವತ್ತಾರು ಡಿಗ್ರಿ.

"ಮೇಡಂ, ಪಂಚಭುಜದ ಒಂದು ಕೋನ ನೂರೆಂಟು. ಮೂರು ಸೇರಿದ್ರೆ ಮುನ್ನೂರ ಇಪ್ಪತ್ನಾಲ್ಕು. ಸುತ್ತು ಪೂರ್ತಿಯಾಗೋಕೆ ಇನ್ನೂ ಮೂವತ್ತಾರು ಬೇಕು. ಅಪ್ಪ ಸರಿಯಾಗಿ ಅಷ್ಟೇ ಕತ್ತರಿಸಿದಾರೆ!"

"ಅಳೆದು ಕತ್ತರಿಸಿದ್ರಾ?" ಟೀಚರ್ ಕೇಳಿದರು.

"ಇಲ್ಲ ಮೇಡಂ, ಕಣ್ಣಂದಾಜು."

ಟೀಚರ್ ಆ ಚೂರನ್ನು ದಾರದಲ್ಲಿ ಕಟ್ಟಿ ಹಲಗೆಗೇ ತೂಗುಹಾಕಿಸಿದರು. ದೊಡ್ಡ ಪ್ರದರ್ಶನಕ್ಕೆ ಆ ಹಲಗೆಯೇ ಹೋಯಿತು.

ಅಲ್ಲಿ ಬಂದವರೆಲ್ಲ ಚೂರನ್ನು ಸಂದಿಗಿಟ್ಟು ನೋಡುವರು, ತೆಗೆಯುವರು, ಸಂದಿನಲ್ಲಿ ಬೆರಳಾಡಿಸುವರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೇಸ್ತ್ರಿ ಪಕ್ಕದಲ್ಲೇ ನಿಂತು, ತಾನು ಕತ್ತರಿಸಿದ ಬಿಲ್ಲೆಗಳ ನಡುವಿನ ಆ ಸಂದನ್ನು ಸಂಜೆಯವರೆಗೂ ಎಲ್ಲರಿಗೂ ಬೊಟ್ಟು ಮಾಡಿ ತೋರಿಸಿದ.